ಲಸಿಕೆ ಪೆಟ್ಟಿಗೆಗೆ ಸೀರಿಯಲ್ ಸೆಟ್

ನಮ್ಮ ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯಲ್ಲಿ ಒಂದು ಪಾತ್ರೆ ಮೊಸರಿಡುವ ವಿಷಯಕ್ಕೆ ದೊಡ್ಡವ್ವ ನನ್ನ ಜೊತೆ ಒಂದು ಬೇಸಿಗೆ ಪೂರ್ತಿ ಜಗಳ ಆಡಿದರು. ನಾನಲ್ಲಿ ಫಾರ್ಮಸಿಸ್ಟು. ಮಾತ್ರೆ ಕೊಡುವುದರ ಜೊತೆಗೆ ಲಸಿಕೆ ಕಾಯುವ ಕೆಲಸವೂ ನನ್ನದೇ. ದೊಡ್ಡವ್ವ ಅಂದರೆ ಕೇಂದ್ರದ ಎದುರುಮನೆಯ ಅಜ್ಜಿ. ಯಲಹಂಕ ದಾಟಿ ಸೋಲದೇವನಹಳ್ಳಿ ಕಡೆ ಹೋಗುವಾಗ ಸಿಗುವ ನಮ್ಮ ಕೇಂದ್ರ ನಿಂತಿರುವ ಜಾಗ ಒಂದು ಕಾಲದಲ್ಲಿ ಅವರ ಮನೆಯವರ ರಾಗಿ ಹೊಲ. ಆಸ್ಪತ್ರೆಗೆಂದು ಆ ತುಂಡನ್ನು ಬಿಟ್ಟುಕೊಟ್ಟವರು ಅವರ ಯಜಮಾನರು. ಉಳಿದ ಹೊಲದಲ್ಲೆಲ್ಲ ಈಗ ಮೊಮ್ಮಗ ಅಪಾರ್ಟ್‌ಮೆಂಟ್ ಕಟ್ಟಿದ್ದಾನೆ. ಆದರೆ ದೊಡ್ಡವ್ವನ ಲೆಕ್ಕದಲ್ಲಿ ಕೇಂದ್ರ ಇನ್ನೂ ಅವರ ಮನೆಯ ಹಿತ್ತಿಲು.

ಆ ಪೆಟ್ಟಿಗೆಯನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟಬೇಕು, ಬಿಡಿ. ಐಸ್‌ಕ್ರೀಮ್ ಅಂಗಡಿಯ ಪೆಟ್ಟಿಗೆಯ ಹಾಗೆ ಮುಚ್ಚಳ ಮೇಲಕ್ಕೆ ತೆಗೆಯುತ್ತದೆ. ಗೋಡೆಯೊಳಗೆ ಸುತ್ತಲೂ ಮಂಜುಗಡ್ಡೆಯ ಪದರ ಇರುವುದರಿಂದ ಕರೆಂಟು ಹೋದರೂ ಮುಚ್ಚಳ ತೆಗೆಯದಿದ್ದರೆ ಗಂಟೆಗಟ್ಟಲೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ನಾವು ಐಎಲ್‌ಆರ್ ಅನ್ನುತ್ತೇವೆ. ಊರಿನವರಿಗೆ ಅದು ಸರ್ಕಾರಿ ಫ್ರಿಜ್ಜು. ಏಪ್ರಿಲ್ ಬಂದರೆ ಸಾಕು, ಒಬ್ಬರು ಮದುವೆ ಮನೆಯ ಹೂವಿನ ಹಾರ ತರುತ್ತಾರೆ, ಇನ್ನೊಬ್ಬರು ಮೀನು ತರುತ್ತಾರೆ. ಅವರನ್ನೆಲ್ಲ ಬೈದು ಓಡಿಸುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೇನು ಖರ್ಚಿಲ್ಲ. ಆದರೆ ಜಾಗ ಕೊಟ್ಟವರನ್ನು ಬೈಯುವುದು ಹೇಗೆ?

ನಿಯಮ ಹೇಳಿ ನೋಡಿದೆ. ಇದರೊಳಗಿನ ತಂಪು ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಏರಬಾರದು. ಬಿಸಿಯಾದರೂ ಲಸಿಕೆ ಕೆಡುತ್ತದೆ, ಕೆಲವಂತೂ ಹೆಪ್ಪುಗಟ್ಟಿದರೂ ಕೆಡುತ್ತವೆ. ಒಂದೊಂದು ಸಲ ಮುಚ್ಚಳ ತೆಗೆದಾಗಲೂ ತಂಪು ಹೊರಗೆ ಹೋಗುತ್ತದೆ. ಅದಕ್ಕೇ ಲಸಿಕೆ ಬಿಟ್ಟು ಬೇರೆ ಏನನ್ನೂ, ಬೇರೆ ಔಷಧಿಯನ್ನೂ ಸಹ, ಇಡಕೂಡದು ಅಂದೆ. ದೊಡ್ಡವ್ವ ಎಲ್ಲ ಕೇಳಿಸಿಕೊಂಡು, ಮೊಸರಿನ ಪಾತ್ರೆ ನನ್ನ ಮೇಜಿನ ಮೇಲಿಟ್ಟು, ತಮ್ಮ ಮೊಸರು ಎಷ್ಟು ಡಿಗ್ರಿಯಲ್ಲಿದ್ದರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದರು.

ಅವರ ಮನೆಯಲ್ಲಿ ಎರಡು ಫ್ರಿಜ್ ಇವೆ, ಮೊಮ್ಮಗನ ಮನೆಯಲ್ಲಿ ಬಾಗಿಲಿಂದಲೇ ನೀರು ಸುರಿಯುವ ಇನ್ನೊಂದಿದೆ. ಮೊಸರಿಗೆ ಜಾಗ ಇಲ್ಲದೆ ಅಲ್ಲ ಈ ಹಠ. ತಮ್ಮ ಹೊಲದಲ್ಲಿ ನಿಂತ ಪೆಟ್ಟಿಗೆಯಲ್ಲಿ ತಮಗೆ ಒಂದು ಮೂಲೆಯೂ ಇಲ್ಲವೇ ಎಂಬ ಹಠ.

ಕೊನೆಗೆ ಒಂದು ದಿನ ತಲೆ ಕೆಟ್ಟು ಅವರ ಭಾಷೆಯಲ್ಲೇ ಹೇಳಿದೆ. ಊರ ದೇವಿಯ ಒಡವೆ ಪೆಟ್ಟಿಗೆ ತಲೆತಲಾಂತರದಿಂದ ಅವರ ಮನೆಯಲ್ಲಿದೆ. ಅದನ್ನು ಕಂಡಕಂಡವರು ಮುಟ್ಟುವ ಹಾಗಿಲ್ಲ, ಬೇಕೆಂದಾಗ ತೆಗೆಯುವ ಹಾಗಿಲ್ಲ, ಅದರೊಳಗೆ ಮನೆಯವರ ಒಡವೆಯನ್ನೂ ಬೆರೆಸುವ ಹಾಗಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ದೀಪ ಹಚ್ಚಿ ನೋಡಿಕೊಳ್ಳಬೇಕು. ಇದೂ ಹಾಗೇ ಅಂದೆ. ನಾನೂ ಬೆಳಿಗ್ಗೆ ಸಂಜೆ ಎರಡು ಹೊತ್ತು, ಹಬ್ಬ ಭಾನುವಾರ ಅನ್ನದೆ, ಡಿಗ್ರಿ ನೋಡಿ ಬರೆಯುತ್ತೇನೆ. ಗೋಡೆಗೆ ತಾಗದಂತೆ ದೂರ ಇಟ್ಟಿದ್ದೇನೆ. ಅದರ ಪ್ಲಗ್ಗಿಗೆ ಬೇರೆ ಏನನ್ನೂ ಸಿಕ್ಕಿಸುವುದಿಲ್ಲ. ಸುಮ್ಮಸುಮ್ಮನೆ ಮುಚ್ಚಳ ಎತ್ತುವುದಿಲ್ಲ.

ದೊಡ್ಡವ್ವನ ಮುಖವೇ ಬದಲಾಯಿತು. ಮೊಸರಿನ ಪಾತ್ರೆ ಎತ್ತಿಕೊಂಡು, ಸೆರಗು ಹೊದ್ದು, ಆ ಪೆಟ್ಟಿಗೆಗೊಂದು ಕೈ ಮುಗಿದರು.

“ಮೊದ್ಲೇ ಇಂಗೆ ಏಳ್ಬಾರ್ದೇನಮ್ಮಾ? ಎರಡು, ಎಂಟು ಅಂತ ಮಗ್ಗಿ ಒಪ್ಪಿಸ್ತಾ ಕೂತಿದ್ದೆ.”

ನಾನು ಒಳಗೊಳಗೇ ಹಿಗ್ಗಿಹೋದೆ. ಎಷ್ಟು ತರಬೇತಿಗಳಲ್ಲಿ ಜನರಿಗೆ ಅರ್ಥವಾಗುವ ಹಾಗೆ ಹೇಳಿ ಎಂದಿದ್ದರೋ, ಹೇಳಿಯೇ ಬಿಟ್ಟೆನಲ್ಲ! ಆದರೆ ದೊಡ್ಡವ್ವ ಯಾವುದನ್ನೂ ಅರ್ಧಕ್ಕೆ ನಂಬುವವರಲ್ಲ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನದಿಂದ ಅವರು ಲಸಿಕೆ ಕೋಣೆಯ ಹೊರಗಿನ ಬೆಂಚಿಗೆ ಕಾವಲು ಬಂದರು. ಬಾಯಲ್ಲಿ ಎಲೆ ಅಡಿಕೆ, ಕಣ್ಣು ಬಾಗಿಲ ಮೇಲೆ. ನಾನು ಬೆಳಿಗ್ಗೆ ಡಿಗ್ರಿ ನೋಡಿ ಹೊರಗೆ ಬಂದರೆ “ಎಷ್ಟೈತೆ?” ಅನ್ನುತ್ತಿದ್ದರು. ನಾಲ್ಕು ಎಂದರೆ ತಲೆ ಆಡಿಸಿ ಎದ್ದು ಹೋಗುತ್ತಿದ್ದರು. ಆರು ಎಂದರೆ ನನ್ನ ಕಡೆ ಸಂಶಯದಿಂದ ನೋಡುತ್ತಿದ್ದರು. ಲಸಿಕೆ ಹಾಕುವ ಗುರುವಾರಗಳಲ್ಲಂತೂ ಇನ್ನೂ ಕಷ್ಟ. ಹಳ್ಳಿಗಳಿಗೆ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಮಂಜುಗಡ್ಡೆಯ ಪ್ಯಾಕು ಇಡುವ ಮೊದಲು ಅವನ್ನು ಡೀಪ್ ಫ್ರೀಜರಿನಿಂದ ತೆಗೆದು ಹೊರಗಿಟ್ಟು, ಅವುಗಳ ಮೈ ಬೆವೆತು, ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ತನಕ ಕಾಯಬೇಕು. ಇಲ್ಲದಿದ್ದರೆ ಆ ಕೊರೆತಕ್ಕೆ ಲಸಿಕೆಯೇ ಹೆಪ್ಪುಗಟ್ಟಿ ಹಾಳಾಗುತ್ತದೆ. ನರ್ಸಮ್ಮ ಅವಸರ ಮಾಡಿದರೆ ದೊಡ್ಡವ್ವ ಒಂದು ಪ್ಯಾಕು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಆರಿಸುವ ಹಾಗೆ ಕುಲುಕಿ, ಇನ್ನೂ ಇಲ್ಲ ಎಂದು ವಾಪಸ್ ಇಡುತ್ತಿದ್ದರು.

ಅವರ ಬಲೆಗೆ ಬಿದ್ದ ದೊಡ್ಡ ಮೀನು ನಮ್ಮ ಡಾಕ್ಟರು. ಹೊಸದಾಗಿ ಓದು ಮುಗಿಸಿ ಬಂದ ಹುಡುಗ, ಒಳ್ಳೆಯವನು, ಬಿಸಿಲಿಗೆ ಮಾತ್ರ ಬೇಗ ಬಾಡುತ್ತಾನೆ. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ತನ್ನ ಬೀಗದ ಕೈಯಿಂದ ಕೋಣೆ ತೆಗೆದು, ಮುಚ್ಚಳ ಎತ್ತಿ, ಎಳನೀರಿನ ಬಾಟಲಿ ಇಳಿಬಿಡುತ್ತಿದ್ದ. ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ದೊಡ್ಡವ್ವ ಬೈಯಲಿಲ್ಲವಂತೆ. ದೇವಿಯ ಪೆಟ್ಟಿಗೆಯಲ್ಲಿ ಚಪ್ಪಲಿ ಇಟ್ಟವನೊಬ್ಬನ ಕಥೆಯನ್ನು ಹೇಳಿದರಂತೆ. ಆ ಮನುಷ್ಯನ ಕೈ ಏನಾಯಿತು ಎಂಬಲ್ಲಿಗೆ ಕಥೆ ನಿಲ್ಲಿಸಿ, ಎಳನೀರನ್ನು ತಾವೇ ಕುಡಿದು ಹೋದರಂತೆ. ಡಾಕ್ಟರು ಬಂದು ನನಗೆ ವರದಿ ಒಪ್ಪಿಸುವಾಗ ಇಂಗು ತಿಂದ ಮಂಗನ ಮುಖ ಮಾಡಿಕೊಂಡಿದ್ದ. ನಾನು ನಕ್ಕು ನಕ್ಕು ಸುಸ್ತಾದೆ.

ಆ ನಗು ಆಯುಧಪೂಜೆಯಲ್ಲಿ ಬಡ್ಡಿ ಸಮೇತ ವಸೂಲಾಯಿತು.

ಸರ್ಕಾರಿ ಕಚೇರಿಯೆಂದ ಮೇಲೆ ಹಬ್ಬದ ರಜೆಯ ಹಿಂದಿನ ಸಂಜೆ ಪೂಜೆ ಇದ್ದೇ ಇರುತ್ತದೆ. ಬಿ.ಪಿ. ಯಂತ್ರಕ್ಕೆ ಕುಂಕುಮ, ತಕ್ಕಡಿಗೆ ಹೂವು, ಎಲ್ಲರಿಗೂ ಕಡ್ಲೆಪುರಿ. ಆ ವರ್ಷ ದೊಡ್ಡವ್ವ ಲಸಿಕೆ ಪೆಟ್ಟಿಗೆಯ ಪೂಜೆ ತಮ್ಮ ಮನೆಯದು ಅಂದರು. ಬಾಳೆಕಂದು ಬಂತು, ಸೇವಂತಿಗೆ ಕುಚ್ಚು ಬಂತು. ಬಾಳೆಕಂದನ್ನು ಪೆಟ್ಟಿಗೆಗೆ ಕಟ್ಟಬೇಡಿ, ಗಾಳಿಯಾಡುವ ಜಾಗ ಮುಚ್ಚುತ್ತದೆ, ಬಾಗಿಲಿಗೆ ಕಟ್ಟಿ ಅಂದೆ. ಸರಿ ಎಂದು ಬಾಗಿಲಿಗೇ ಕಟ್ಟಿದರು. ಮುಚ್ಚಳದ ಮೇಲೆ ಒಂದೇ ಒಂದು ಹೂವು. ಇಷ್ಟು ತಿದ್ದಿದ ಮೇಲೆ ಇನ್ನೇನು ತಪ್ಪಾಗುತ್ತದೆ ಎಂದು ಸಂಜೆಯ ಡಿಗ್ರಿ ನೋಡಿದೆ. ನಾಲ್ಕು. ಬರೆದಿಟ್ಟು, ಮರುದಿನ ರಜೆಯ ದಿನದ ಡಿಗ್ರಿ ನೋಡುವ ಕೆಲಸವನ್ನು ಹತ್ತಿರದಲ್ಲೇ ಮನೆ ಮಾಡಿದ್ದ ಡಾಕ್ಟರಿಗೆ ಒಪ್ಪಿಸಿ, ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೊರಟೆ.

ನಾನು ಹೊರಟ ಮೇಲೆ ಮೊಮ್ಮಗನ ಎಲೆಕ್ಟ್ರಿಷಿಯನ್ ಬಣ್ಣಬಣ್ಣದ ಸೀರಿಯಲ್ ಸೆಟ್ ಹೊತ್ತು ತಂದನೆಂಬುದು ನನಗೆ ಆಗ ಗೊತ್ತಿರಲಿಲ್ಲ. ಹಬ್ಬದಲ್ಲಿ ದೇವರು ಕತ್ತಲಲ್ಲಿ ಇರಬಾರದು ಎಂಬುದು ದೊಡ್ಡವ್ವನ ತೀರ್ಮಾನ. ಡಾಕ್ಟರಿಗೆ ಎಳನೀರಿನ ನೆನಪು ಇನ್ನೂ ಹಸಿಯಾಗಿದ್ದುದರಿಂದ ಇಲ್ಲ ಅನ್ನದೆ ಕೋಣೆ ತೆಗೆದುಕೊಟ್ಟ.

ಆಯುಧಪೂಜೆಯ ಮಧ್ಯಾಹ್ನ ಮನೆ ಮುಂದೆ ನನ್ನ ಸ್ಕೂಟರ್ ತೊಳೆದು, ಹಾರ ಹಾಕಿ, ಎರಡು ಚಕ್ರದಡಿಗೂ ನಿಂಬೆಹಣ್ಣು ಇಟ್ಟಿದ್ದೆ. ಕುಂಬಳಕಾಯಿ ಒಡೆಯಬೇಕು, ಅಷ್ಟರಲ್ಲಿ ಫೋನು ಟಿಣ್ ಅಂದಿತು. ಪೆಟ್ಟಿಗೆಯೊಳಗೆ ಡಿಗ್ರಿ ಅಳೆಯುವ ಒಂದು ಸಣ್ಣ ಸಾಧನ ಇರುತ್ತದೆ. ಎಂಟರ ಗೆರೆ ದಾಟಿದರೆ ಅದು ನನಗೂ ಮೇಲಿನವರಿಗೂ ಮೆಸೇಜು ಕಳಿಸುತ್ತದೆ. ದಾಟಿತ್ತು. ಡಾಕ್ಟರಿಗೆ ಫೋನು ಮಾಡಿದರೆ ಆತ ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತ ಕಾರಿನೊಳಗೆ ಸಿಕ್ಕಿಕೊಂಡು ಕೂತಿದ್ದ. ಬೆಳಿಗ್ಗೆ ನೋಡಿದಿರಾ ಎಂದರೆ, ನೋಡಿದೆ ಮೇಡಂ ಎಂದ. ಹೇಗೆ ನೋಡಿದಿರಿ ಎಂದೆ. “ಕಿಟಕಿಯಿಂದ ನೋಡ್ದೆ. ಲೈಟೆಲ್ಲ ಜಗಮಗ ಅಂತ ಉರೀತಿತ್ತು. ಕರೆಂಟ್ ಇದೆ, ಎಲ್ಲ ಸರಿಯಾಗಿದೆ ಅಂದ್ಕೊಂಡೆ.”

ಯಾವ ಲೈಟು ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ನಿಂಬೆಹಣ್ಣಿನ ಮೇಲೇ ಸ್ಕೂಟರ್ ಹತ್ತಿಸಿ ಹೊರಟೆ. ಯಲಹಂಕದ ದಾರಿಯುದ್ದಕ್ಕೂ ಒಡೆದ ಕುಂಬಳಕಾಯಿ, ಅದರ ಮೇಲೆ ಜಾರುವ ಜನ, ತೊಳೆದ ಲಾರಿಗಳ ಮುಂದೆ ಸೆಲ್ಫಿ. ಆ ಪೆಟ್ಟಿಗೆಯಲ್ಲಿದ್ದದ್ದು ಬರುವ ಗುರುವಾರ ನಮ್ಮ ಸುತ್ತಲ ಹಳ್ಳಿಗಳ ಕೂಸುಗಳಿಗೆಲ್ಲ ಹಾಕಬೇಕಾದ ಲಸಿಕೆ. ಕೆಟ್ಟರೆ ಅಷ್ಟನ್ನೂ ಎಸೆಯಬೇಕು, ತಾಯಂದಿರನ್ನು ಮಗುವಿನ ಸಮೇತ ವಾಪಸ್ ಕಳಿಸಬೇಕು. ಒಮ್ಮೆ ವಾಪಸ್ ಹೋದವರು ಮತ್ತೆ ಬರುತ್ತಾರೆಂಬ ಭರವಸೆ ಯಾರಿಗಿದೆ? ದಾರಿಯಲ್ಲಿ ನನಗೆ ಅಳುವೇ ಬಂತು, ನಿಜ ಹೇಳುತ್ತೇನೆ.

ಕೇಂದ್ರದ ಬೆಂಚಿನ ಮೇಲೆ ಹೊಸ ಸೀರೆ ಉಟ್ಟು ದೊಡ್ಡವ್ವ ಕೂತಿದ್ದರು. ನನ್ನ ಕೈಯಲ್ಲಿ ಬೀಗದ ಕೈ ಕಂಡದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತರು.

“ಅಬ್ಬದ ದಿನ ಪೆಟ್ಟಿಗೆ ತೆಗೀತಾರಾ? ಸುಮ್ಸುಮ್ನೆ ಮುಚ್ಚಳ ಎತ್ಬಾರ್ದು ಅಂತ ನೀನೇ ಏಳಿದ್ದು.”

“ಮುಚ್ಚಳ ಎತ್ತಲ್ಲ ದೊಡ್ಡವ್ವಾ, ದಾರಿ ಬಿಡಿ. ಒಳಗೆ ಬಿಸಿ ಆಗ್ತಿದೆ.”

ನನ್ನ ಮಂತ್ರ ನನಗೇ ತಿರುಗಿ ಬಂದಿತ್ತು. ಆದರೆ ನನ್ನ ಮುಖದಲ್ಲಿ ಏನು ಕಂಡರೋ, ಅವರು ಪಕ್ಕಕ್ಕೆ ಸರಿದರು.

ಬಾಗಿಲು ತೆಗೆದರೆ ಕೋಣೆ ತುಂಬ ಬೆಳಕು. ಕೆಂಪು, ಹಸಿರು, ನೀಲಿ, ಒಂದಾದ ಮೇಲೊಂದು ಕಣ್ಣು ಮಿಟುಕಿಸುತ್ತಿವೆ. ನಡುವೆ ಪೆಟ್ಟಿಗೆ ಮಾತ್ರ ಹೆಣದ ಹಾಗೆ ತೆಪ್ಪಗಿದೆ. ಅದರ ಗುಂಯ್ ಸದ್ದೇ ಇಲ್ಲ. ಸ್ಟೆಬಿಲೈಸರಿನಲ್ಲಿ ಸೀರಿಯಲ್ ಸೆಟ್ಟಿನ ಪ್ಲಗ್ಗು ಕೂತಿದೆ, ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿದೆ, ಅದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದಾರೆ! ಒಳಗಿನ ಸಾಧನದ ಡಿಗ್ರಿ ತೋರಿಸುವ ಗೋಡೆಯ ಮೇಲಿನ ಪರದೆಯಲ್ಲಿ ಅಂಕಿ ಒಂಬತ್ತು ದಾಟಿತ್ತು.

ದೀಪದ ವಯರನ್ನು ಕಿತ್ತು ಎಸೆದೆ. ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದೆ. ಸ್ಟೆಬಿಲೈಸರ್ ಒಂದಿಷ್ಟು ಹೊತ್ತು ಯೋಚನೆ ಮಾಡಿ ಟಕ್ ಅಂದಿತು, ಪೆಟ್ಟಿಗೆ ಗುಂಯ್ ಎಂದು ಶುರುವಾಯಿತು. ಆಗ ನನ್ನ ಬಾಯಿಯೂ ಶುರುವಾಯಿತು. ಆ ಎಲೆಕ್ಟ್ರಿಷಿಯನ್ ಯಾರು, ಅವನ ಕೈ ಮುರಿಯಬೇಕು, ಇಡೀ ಗೋಡೆಯಲ್ಲಿ ಅವನಿಗೆ ಬೇರೆ ಪ್ಲಗ್ ಪಾಯಿಂಟ್ ಕಾಣಲಿಲ್ಲವೇ ಎಂದು ಏನೇನೋ ಅಂದೆ.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದರು. “ಅವ್ನಿಗೆ ಬೈಬೇಡ. ಅಲ್ಲೇ ಆಕು ಅಂದಿದ್ದು ನಾನು. ಬೇರೆ ಕಡೆ ಆಕಿದ್ರೆ ದೀಪ ಒಂದ್ಸಲ ಒತ್ಕೊಳ್ಳುತ್ತೆ, ಒಂದ್ಸಲ ಆರುತ್ತೆ. ಈ ಪ್ಲಗ್ಗು ಗಟ್ಟಿ ಅಂದ್ಕೊಂಡೆ.”

ಹೌದು, ಗಟ್ಟಿ. ವೋಲ್ಟೇಜು ಏರಿಳಿಯಬಾರದೆಂದೇ ಅಲ್ಲಿ ಸ್ಟೆಬಿಲೈಸರ್ ಇಟ್ಟಿದ್ದು. ಇಡೀ ಕಟ್ಟಡದಲ್ಲಿ ಯಾವುದು ಒಳ್ಳೆಯ ಕರೆಂಟೋ ಅದನ್ನೇ ದೇವರಿಗೆ ಕೊಟ್ಟಿದ್ದರು, ಆ ದೇವರ ಹೊಟ್ಟೆಯಿಂದಲೇ ಕಿತ್ತು. ಒಡವೆ ಪೆಟ್ಟಿಗೆಯ ಹೋಲಿಕೆ ಅವರ ತಲೆಗೆ ತುಂಬಿದವಳು ನಾನೇ ತಾನೆ.

ಅಷ್ಟರಲ್ಲಿ ಮೇಲಿನ ಅಧಿಕಾರಿಯ ಫೋನು ಬಂತು. ನನಗೆ ಬರುವ ಮೆಸೇಜು ಅವರಿಗೂ ಹೋಗುತ್ತದಲ್ಲ. ನಡೆದದ್ದು ಹೇಳಿದೆ. ಸೀರಿಯಲ್ ಸೆಟ್ಟು ಎಂದಾಗ ಆ ಕಡೆ ಕೆಮ್ಮಿದರು, ನಕ್ಕರೋ ಏನೋ. ಮುಚ್ಚಳ ತೆಗೆಯಬೇಡಿ, ಎಂಟರ ಕೆಳಗೆ ಇಳಿಯಲಿ, ಆಮೇಲೆ ಒಂದೊಂದು ಬಾಟಲಿಯ ಗುರುತನ್ನೂ ನೋಡೋಣ, ನಾನೂ ಬರುತ್ತೇನೆ, ನಾನು ಹೇಳುವ ತನಕ ಒಂದೂ ಬಳಸಬೇಡಿ ಎಂದರು.

ಕಾದು ಕೂತೆವು, ನಾನು ಕುರ್ಚಿಯಲ್ಲಿ, ದೊಡ್ಡವ್ವ ಬೆಂಚಿನಲ್ಲಿ. ಎಷ್ಟೈತೆ ಎಂದು ಅವತ್ತು ಅವರು ಕೇಳಲಿಲ್ಲ. ನಾನಾಗಿಯೇ ಕೂಗಿ ಹೇಳುತ್ತಿದ್ದೆ. ಎಂಟು ಅಂದೆ, ಏಳು ಅಂದೆ. ಎಲೆ ಅಡಿಕೆಯ ಚೀಲ ಅವರ ಮಡಿಲಲ್ಲೇ ಇತ್ತು, ಮುಟ್ಟಿರಲಿಲ್ಲ.

ಸಂಜೆ ಅಧಿಕಾರಿ ಬಂದರು. ಲಸಿಕೆಯ ಬಾಟಲಿಗಳ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ವೃತ್ತಕ್ಕಿಂತ ತಿಳಿಯಾಗಿರುವ ತನಕ ಬಳಸಬಹುದು, ವೃತ್ತದ ಬಣ್ಣಕ್ಕೇ ಬಂದರೆ ಎಸೆಯಬೇಕು. ಬಿಸಿಗೆ ಎಲ್ಲಕ್ಕಿಂತ ಬೇಗ ಸೋಲುವ ಪೋಲಿಯೋ ಹನಿಯಿಂದ ಶುರು ಮಾಡಿ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದೆವು. ಎಲ್ಲ ಚೌಕಗಳೂ ತಿಳಿಯಾಗಿಯೇ ಇದ್ದವು. ಬಿಸಿ ಏರಿದ್ದು ಸ್ವಲ್ಪ, ಅದೂ ಸ್ವಲ್ಪ ಹೊತ್ತು. ಮುಚ್ಚಳವನ್ನು ಯಾರೂ ಎತ್ತದೆ ಇದ್ದದ್ದು ಉಳಿಸಿತು ಎಂದರು ಅವರು. ಎಲ್ಲವನ್ನೂ ಬಳಸಬಹುದು ಎಂದು ಬರೆದುಕೊಟ್ಟರು. ನನ್ನಿಂದ ವಿವರಣೆಯನ್ನೂ ಬರೆಸಿಕೊಂಡರು, ಡಾಕ್ಟರಿಗೆ ಫೋನಿನಲ್ಲೇ ಮಂಗಳಾರತಿ ಮಾಡಿದರು. ನನಗೆ ಹೋದ ಜೀವ ಬಂದಂತಾಯಿತು.

ದೊಡ್ಡವ್ವನಿಗೆ ಬರಲಿಲ್ಲ. ಬಾಟಲಿ ತೋರಿಸಿ ಚೌಕದ ಬಗ್ಗೆ ಹೇಳಿದರೆ ಹೂಂ ಅಂದರು. ಅಷ್ಟು ಸಣ್ಣ ಚೌಕ ಅಷ್ಟು ದೊಡ್ಡ ತಪ್ಪಿಗೆ ಸಾಕ್ಷಿ ಹೇಳುತ್ತದೆ ಎಂದರೆ ಅವರ ಮನಸ್ಸು ಒಪ್ಪಲಿಲ್ಲ. ಹೋಗುವ ಮೊದಲು ಒಂದು ಅರಿಶಿನದ ಕೊಂಬಿಗೆ ದಾರ ಸುತ್ತಿ, ಸ್ಟೆಬಿಲೈಸರಿಗೂ ಪ್ಲಗ್ಗಿಗೂ ಸೇರಿಸಿ ವಯರಿನ ಮೇಲೆ ಕಟ್ಟಿದರು. ನಾನು ಅದರ ಮೇಲೆ ಟೇಪು ಸುತ್ತಿ, ತೆಗೆಯಬಾರದು ಎಂದು ಚೀಟಿ ಅಂಟಿಸಿದೆ. ನನ್ನ ಚೀಟಿಯನ್ನು ಯಾರೂ ಓದುವುದಿಲ್ಲ. ಆ ದಾರವನ್ನು ನಮ್ಮೂರಲ್ಲಿ ಮುಟ್ಟುವ ಗಂಡಸು ಇನ್ನೂ ಹುಟ್ಟಿಲ್ಲ.

ಗುರುವಾರ ಬಂತು. ನಾನು ಬೀಗ ತೆಗೆಯುವ ಮೊದಲೇ ಬೆಂಚಿನ ಮೇಲೆ ದೊಡ್ಡವ್ವ, ಮಡಿಲಲ್ಲಿ ಒಂದೂವರೆ ತಿಂಗಳ ಕೂಸು. ಬಿಲ್ಡರ್ ಮೊಮ್ಮಗನ ಮಗ. ಅದರ ತಾಯಿ ಹಿಂದೆ ಮುಖ ಊದಿಸಿಕೊಂಡು ನಿಂತಿದ್ದಳು. ಆ ಮಗುವಿಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಎ.ಸಿ. ಕೋಣೆಯಲ್ಲಿ ಲಸಿಕೆ ಹಾಕಿಸುವುದೆಂದು ಅವರು ಸಮಯ ಗೊತ್ತು ಮಾಡಿಕೊಂಡಿದ್ದರು. ಅಲ್ಲಿಗೇ ಹೋಗಬಹುದಲ್ಲ ದೊಡ್ಡವ್ವಾ ಎಂದೆ.

ಅವರು ಸಾಲಿನಲ್ಲಿ ಕೂರುತ್ತಿದ್ದ ಬೇರೆ ತಾಯಂದಿರ ಕಡೆ ನೋಡಿ, ದನಿ ತಗ್ಗಿಸಿದರು. “ಬಿಸಿ ಮಾಡಿದ್ದು ನಾನು. ಏನಾರ ಆಗೋದಿದ್ರೆ ನಮ್ಮನೆ ಕೂಸಿಗೇ ಆಗ್ಲಿ. ಮೊದ್ಲು ಇದಕ್ಕೆ ಆಕು.”

ಆಗುವುದಿದ್ದರೆ ಯಾರ ಕೂಸಿಗೂ ಹಾಕುತ್ತಿರಲಿಲ್ಲ, ಕೆಟ್ಟ ಲಸಿಕೆಯಿಂದ ಆಗುವ ತೊಂದರೆ ಅಂದರೆ ಅದು ಕೆಲಸ ಮಾಡದೆ ಇರುವುದು, ಇದು ಕೆಟ್ಟಿಲ್ಲ, ಮೇಲಿನವರೂ ನೋಡಿದ್ದಾರೆ ಎಂದು ಮತ್ತೊಮ್ಮೆ ಹೇಳಿದೆ. ತಾಯಿಯನ್ನೂ ಕೇಳಿದೆ. ಅವಳು ಅಜ್ಜಿಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಹಾಕಿ ಮೇಡಂ ಅಂದಳು. ನರ್ಸಮ್ಮ ಬಾಟಲಿಯ ಚೌಕವನ್ನು ದೊಡ್ಡವ್ವನಿಗೆ ತೋರಿಸಿಯೇ ಸೂಜಿ ಚುಚ್ಚಿದರು. ಕೂಸು ಕಿಟಾರನೆ ಕಿರುಚಿತು. ದೊಡ್ಡವ್ವ ಅದನ್ನು ಎದೆಗೊತ್ತಿಕೊಂಡು ಬೆಂಚಿಗೆ ಹೋಗಿ ಕೂತರು, ಉಳಿದ ಮಕ್ಕಳ ಸರದಿ ಮುಗಿಯುವ ತನಕ ಏಳಲಿಲ್ಲ. ತೊಡೆ ಊದಿದರೆ, ಮೈ ಸ್ವಲ್ಪ ಬಿಸಿಯಾದರೆ ಹೆದರಬೇಡಿ, ಈ ಲಸಿಕೆಗೆ ಅದು ಇದ್ದದ್ದೇ ಎಂದು ಎಲ್ಲರಿಗೂ ಹೇಳುವುದನ್ನು ತಾಯಿಗೂ ಹೇಳಿ, ಜ್ವರದ ಹನಿ ಎಷ್ಟು ಕೊಡಬೇಕೆಂದು ತೋರಿಸಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ನಾನು ಡಿಗ್ರಿ ನೋಡಿ ಹೊರಗೆ ಬಂದರೆ, ಗೇಟಿನಿಂದಲೇ ದೊಡ್ಡವ್ವ ಕೈ ಬೀಸಿಕೊಂಡು ಬರುತ್ತಿದ್ದಾರೆ. ಬಾಯಿ ತುಂಬ ಎಲೆ ಅಡಿಕೆ, ಮುಖದಲ್ಲಿ ಹಬ್ಬ. ಹಬ್ಬ ಮುಗಿದ ಮೇಲೆ ಅವರು ಅಡಿಕೆ ಬಾಯಿಗೆ ಹಾಕಿಕೊಂಡಿದ್ದು ಅವತ್ತೇ ನಾನು ನೋಡಿದ್ದು. ಹಿಂದೆ ಮೊಮ್ಮಗನ ಹೆಂಡತಿ ನಿದ್ದೆಗೆಟ್ಟ ಕಣ್ಣಿನಲ್ಲಿ ಅವರನ್ನು ಸುಟ್ಟುಬಿಡುವ ಹಾಗೆ ನೋಡುತ್ತಾ ಬರುತ್ತಿದ್ದಳು.

“ಜ್ವರ ಬಂತು ಕಣಮ್ಮಾ!” ಎಂದು ದೊಡ್ಡವ್ವ ಇಡೀ ಕೇಂದ್ರಕ್ಕೆ ಕೇಳುವ ಹಾಗೆ ಕೂಗಿದರು. “ರಾತ್ರಿಯೆಲ್ಲ ಮೈ ಕಾದಿತ್ತು. ಔಸ್ದಿ ಜೀವಂತ ಐತೆ!”

ಜ್ವರ ಬಂದರೆ ಲಸಿಕೆ ಚೆನ್ನಾಗಿದೆ ಎಂದಾಗಲಿ, ಬರದಿದ್ದರೆ ಕೆಟ್ಟಿದೆ ಎಂದಾಗಲಿ ಅರ್ಥವಲ್ಲ. ಅದು ನನಗೆ ಗೊತ್ತು. ಕೂಸನ್ನು ಡಾಕ್ಟರಿಗೆ ತೋರಿಸಿದೆ. ಅಷ್ಟು ಹೊತ್ತಿಗೆ ಮೈ ತಣ್ಣಗಾಗಿ ಅದು ಡಾಕ್ಟರ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ದೊಡ್ಡವ್ವ ಬೆಂಚಿನ ಮೇಲೆ ಕೂತು, ಬಂದುಹೋಗುವವರಿಗೆಲ್ಲ ಜ್ವರದ ಸುದ್ದಿ ಹಂಚುತ್ತಿದ್ದರು. ನಿಜ ಹೇಳಬೇಕೆಂದು ಅವರ ಹತ್ತಿರ ಹೋದೆ. ನನ್ನನ್ನು ಕಂಡದ್ದೇ ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

“ಎಷ್ಟೈತೆ?”

“ನಾಲ್ಕು, ದೊಡ್ಡವ್ವಾ,” ಎಂದು ಹೇಳಿ ಒಳಗೆ ಬಂದೆ.